ಒಂದು ಹಾಡು ಬಿತ್ತಿದರೆ ಬೆಳೆಯುವ ರೇಡಿಯೊ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ಹಾಡು ಇರಲೇಬೇಕು. ಮೊನ್ನೆ ಫೋನಿನಲ್ಲಿ ಶಿವಮೊಗ್ಗ ಸುಬ್ಬಣ್ಣ ಹಾಡಿದ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಕಿ, ಅದರಿಂದಲೇ ಆ್ಯಪಿನ ರೇಡಿಯೊ ಶುರು ಮಾಡಿದೆ. ಅಂದರೆ ಒಂದು ಹಾಡು ಕೊಟ್ಟರೆ, ಅದಕ್ಕೆ ಹೊಂದುವ ಹಾಡುಗಳನ್ನು ಆ್ಯಪ್ ತಾನೇ ಆರಿಸಿ ಒಂದಾದ ಮೇಲೊಂದು ಹಾಕುತ್ತದೆ. ಮೊದಲು ಎರಡು ಭಾವಗೀತೆ ಬಂದವು. ಆಮೇಲೆ ಹೊಸ ಸಿನಿಮಾ ಹಾಡುಗಳದ್ದೇ ಸಾಲು. ‘ಸುಬ್ಬಣ್ಣನಿಗೂ ಇದಕ್ಕೂ ಎಂಥ ಸಂಬಂಧ ಮಾರಾಯಾ?’ ಎಂದರು ಚಿಕ್ಕಪ್ಪ.

ಸಂಬಂಧ ಇದೆ, ಆದರೆ ಅದು ರಾಗದ್ದಲ್ಲ, ಕೇಳುಗರದ್ದು. ಇಂಥ ರೇಡಿಯೊ ಮುಖ್ಯವಾಗಿ ನೋಡುವುದು ಈ ಹಾಡು ಕೇಳಿದವರು ಇನ್ನೇನು ಕೇಳಿದರು, ಯಾವ ಹಾಡುಗಳನ್ನು ಒಂದೇ ಪಟ್ಟಿಗೆ ಸೇರಿಸಿದರು ಅಂತ. ದನಿಯ ವಿಶ್ಲೇಷಣೆಯೂ ಇರುತ್ತದೆ. ಕೇಳುಗರೇ ಇಲ್ಲದ ಹೊಸ ಹಾಡಿಗೆ ಅದೇ ಆಸರೆ.

ಒಂದು ಲೆಕ್ಕ ಮಾಡೋಣ. ಸುಬ್ಬಣ್ಣನವರ ಹಾಡು ಕೇಳಿದ 100 ಜನರಲ್ಲಿ 60 ಜನ ಒಂದು ಹಿಟ್ ಹಾಡನ್ನೂ ಕೇಳಿದ್ದಾರೆ ಅಂತಿಟ್ಟುಕೊಳ್ಳಿ. ಒಂದು ಭಾವಗೀತೆಯನ್ನು ಕೇಳಿದವರು 20 ಜನ ಮಾತ್ರ. ಸುಮ್ನೆ ತಲೆ ಎಣಿಸಿದರೆ ಹಿಟ್ ಹಾಡೇ ಗೆಲ್ಲುತ್ತದೆ. ಆದರೆ ಹಿಟ್ ಹಾಡನ್ನು ಹೇಗಿದ್ದರೂ 100ಕ್ಕೆ 50 ಜನ ಕೇಳುತ್ತಾರೆ, ಭಾವಗೀತೆಯನ್ನು ಒಬ್ಬರು. ಅಂದರೆ ಹಿಟ್ ಹಾಡಿನ ನಂಟು 1.2 ಪಟ್ಟು, ಭಾವಗೀತೆಯದು 20 ಪಟ್ಟು. ಒಳ್ಳೆಯ ರೇಡಿಯೊ ಈ ಭಾಗಾಕಾರ ಮಾಡುತ್ತದೆ. ತೊಂದರೆ ಬರುವುದು ಕೇಳುಗರು ಹತ್ತೇ ಜನ ಇದ್ದಾಗ. ಅವರಲ್ಲಿ ಇಬ್ಬರು ಕೇಳಿದ್ದು ನಂಟೋ ಆಕಸ್ಮಿಕವೋ ಹೇಳಲಾಗದು. ಆಗ ಯಂತ್ರ ಅಪಾಯವಿಲ್ಲದ ಹಿಟ್ ಕಡೆ ವಾಲುತ್ತದೆ. ಜೊತೆಗೆ ನಾವು ಬಿತ್ತಿದ ‘ಕಾಡು ಕುದುರೆ’ ಸಿನಿಮಾ ಹಾಡೂ ಹೌದು, ಭಾವಗೀತೆ ಗಾಯಕರ ದನಿಯೂ ಹೌದು. ಎರಡು ಬಗೆಯ ಕೇಳುಗರು ಅದನ್ನು ಎರಡು ಕಡೆ ಎಳೆಯುತ್ತಾರೆ.

ಹಾಗಾಗಿ ಮಾರನೇ ದಿನ ಒಂದೇ ಹಾಡು ಬಿತ್ತಲಿಲ್ಲ. ಸುಬ್ಬಣ್ಣನವರ ಹಾಡಿನ ಜೊತೆ ಸಿನಿಮಾದ ನಂಟಿಲ್ಲದ ನಾಲ್ಕು ಭಾವಗೀತೆ ಸೇರಿಸಿ ಪಟ್ಟಿ ಮಾಡಿ, ಆ ಪಟ್ಟಿಯಿಂದ ರೇಡಿಯೊ ಹೊರಡಿಸಿದೆ. ಐದೂ ಹಾಡುಗಳಿಗೆ ಹತ್ತಿರವಾದದ್ದನ್ನೇ ಹುಡುಕಬೇಕಾದ್ದರಿಂದ ದಾರಿ ಕಿರಿದಾಯಿತು.

ಇನ್ನೊಂದು ತಪ್ಪು ನನ್ನದೇ ಆಗಿತ್ತು. ಮೆಟ್ಟುಗತ್ತಿಯ ಮುಂದೆ ಕೂತವರ ಕೈಯೆಲ್ಲ ಅಡಿಕೆ ಕಲೆ, ಫೋನ್ ಯಾರು ಮುಟ್ಟುತ್ತಾರೆ? ಬೇಡದ ಹಾಡೂ ಕೊನೆತನಕ ಓಡಿತು. ಪೂರ್ತಿ ಓಡಿದ್ದನ್ನು ಯಂತ್ರ ‘ಇವರಿಗೆ ಹಿಡಿಸಿತು’ ಅಂತ ಓದುತ್ತದೆ, ಮುಂದಿನದನ್ನು ಅದೇ ದಾರಿಯಲ್ಲಿ ಆರಿಸುತ್ತದೆ. ಶುರುವಿನಲ್ಲೇ ದಾಟಿಸಿದರೆ ಅದು ಬೇಡ ಎಂಬ ಸೂಚನೆ. ‘ಇಷ್ಟವಿಲ್ಲ’ ಒತ್ತಿದರೆ ಇನ್ನೂ ಗಟ್ಟಿ. ಮೊದಲ ಹತ್ತು ಹಾಡಿನಲ್ಲಿ ಇದನ್ನು ಮಾಡಿದರೆ ದಾರಿ ತಪ್ಪುವುದು ಕಡಿಮೆ. ಈಗ ಆ ಕೆಲಸ ಅಂಗಳದಲ್ಲಿ ಕೈ ಖಾಲಿ ಇರುವ ಒಬ್ಬರೇ ಅಜ್ಜಿಯದು. ಪಲ್ಲವಿ ಮುಗಿಯುವ ಮೊದಲೇ ತೀರ್ಪು ಕೊಡುತ್ತಾರೆ.