ಅನ್ನ, ಹಾಲು ಬಿಟ್ಟರೆ ಮೊಡವೆ ಹೋಗುತ್ತದೆಯೇ?

ಪ್ರಶ್ನೆ: ನನಗೆ 19 ವರ್ಷ, ಹಾಸ್ಟೆಲ್‌ನಲ್ಲಿದ್ದೇನೆ. ಎರಡು ವರ್ಷದಿಂದ ಕೆನ್ನೆ, ಗದ್ದದ ಮೇಲೆ ಮೊಡವೆ. ಕರಿದದ್ದು, ಮಾವಿನಹಣ್ಣು ಉಷ್ಣ, ಮುಟ್ಟಬೇಡ ಅಂತ ಅಮ್ಮ ಹೇಳ್ತಾರೆ. ರೂಮಿನ ಗೆಳತಿ ಹಾಲು ಬಿಡು ಅಂತಾಳೆ. ಇನ್‌ಸ್ಟಾಗ್ರಾಮ್ ನೋಡಿದರೆ ಅನ್ನವೇ ಬೇಡವಂತೆ. ನಿಜವಾಗಿ ಯಾವುದನ್ನು ಬಿಡಬೇಕು?

ಉತ್ತರ: ಪೂರ್ತಿ ಬಿಡಬೇಕಾದದ್ದು ಯಾವುದೂ ಇಲ್ಲ. ಕಡಿಮೆ ಮಾಡಿ ನೋಡಬಹುದಾದ್ದು ಮಾತ್ರ ಇದೆ. ಅದರಲ್ಲಿ ಮೊದಲನೆಯದು ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ಆಹಾರ. ಹಾಲಿನ ಮೇಲಿನ ದೂರು ಇನ್ನೂ ಅನುಮಾನದ ಮಟ್ಟದಲ್ಲೇ ಇದೆ. ಮಾವಿನಹಣ್ಣಿನ ಮೇಲಿನ ಆರೋಪಕ್ಕಂತೂ ಚರ್ಮ ಸಂಶೋಧನೆಯಲ್ಲಿ ಆಧಾರ ಸಿಗುವುದಿಲ್ಲ, ಅಮ್ಮ ಬೇಸರ ಮಾಡಿಕೊಳ್ಳದಿರಲಿ.

ಹಿಂದೆ ವೈದ್ಯರು ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎನ್ನುತ್ತಿದ್ದರು. ಅದಕ್ಕೆ ದೊಡ್ಡ ಕಾರಣ 1969ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ. 65 ಜನರಿಗೆ ಕೆಲವು ವಾರ ಚಾಕೊಲೇಟ್ ಬಾರ್, ಇನ್ನು ಕೆಲವು ವಾರ ಚಾಕೊಲೇಟ್ ಇಲ್ಲದ ಬಾರ್ ಕೊಟ್ಟರು. ಮೊಡವೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಚಾಕೊಲೇಟ್ ಇಲ್ಲದ ಬಾರಿನಲ್ಲೂ ಸಕ್ಕರೆ ಮತ್ತು ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದವು! ಸಕ್ಕರೆಯನ್ನು ಸಕ್ಕರೆಯ ಜೊತೆಗೇ ಹೋಲಿಸಿ ನೋಡಿದಂತಾಯಿತು. ಆ ಫಲಿತಾಂಶವನ್ನು ದಶಕಗಟ್ಟಲೆ ಪಾಠದಂತೆ ಒಪ್ಪಿಕೊಂಡದ್ದು ಇವತ್ತಿಗೆ ಸೋಜಿಗ ಅನ್ನಿಸುತ್ತದೆ.

ಸಕ್ಕರೆಗೂ ಚರ್ಮಕ್ಕೂ ಇರುವ ನಂಟು ಹೀಗಿದೆ. ಬೇಗ ಜೀರ್ಣವಾಗುವ ಪಿಷ್ಟವೋ ಸಕ್ಕರೆಯೋ ಹೊಟ್ಟೆ ಸೇರಿದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. ಅದು ಪದೇಪದೇ ಏರುತ್ತಿದ್ದರೆ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನಿನ ಪ್ರಭಾವವೂ ಹೆಚ್ಚುತ್ತದೆ. ಈ ಎರಡೂ ಸೇರಿ ಚರ್ಮದ ಎಣ್ಣೆ ಗ್ರಂಥಿಗಳನ್ನು ಚುರುಕುಗೊಳಿಸುತ್ತವೆ, ರೋಮಕೂಪದ ಬಾಯಲ್ಲಿ ಜೀವಕೋಶಗಳು ಬೇಗ ಬೆಳೆದು ಕಟ್ಟಿಕೊಳ್ಳುವಂತೆ ಮಾಡುತ್ತವೆ. ಎಣ್ಣೆ ಹೆಚ್ಚಾಗಿ ಬಾಯಿ ಕಟ್ಟಿಕೊಂಡರೆ ಮೊಡವೆಗೆ ಜಾಗ ಸಿದ್ಧವಾದಂತೆಯೇ. ಹುಟ್ಟಿನಿಂದಲೇ ಐಜಿಎಫ್-1 ತೀರಾ ಕಡಿಮೆ ಇರುವ ಲಾರಾನ್ ಸಿಂಡ್ರೋಮ್ ಎಂಬ ಅಪರೂಪದ ತೊಂದರೆ ಇರುವವರಲ್ಲಿ, ಚಿಕಿತ್ಸೆ ಪಡೆಯದಿದ್ದಾಗ, ಮೊಡವೆ ಕಾಣಿಸುವುದೇ ವಿರಳ.

ಇದು ಬರೀ ತರ್ಕವಲ್ಲ, ಪ್ರಯೋಗವೂ ಆಗಿದೆ. 2007ರಲ್ಲಿ ಪ್ರಕಟವಾದ ಮೆಲ್ಬರ್ನ್‌ನ ಅಧ್ಯಯನವೊಂದರಲ್ಲಿ 15ರಿಂದ 25 ವರ್ಷದ 43 ಹುಡುಗರಿದ್ದರು. ಅರ್ಧದಷ್ಟು ಜನರಿಗೆ 12 ವಾರ ಪ್ರೋಟೀನ್ ಹೆಚ್ಚು, ಪಿಷ್ಟ ನಿಧಾನವಾಗಿ ಜೀರ್ಣವಾಗುವಂಥ ಊಟ. ಉಳಿದವರಿಗೆ ಮಾಮೂಲಿ ಊಟ. ಕೊನೆಯಲ್ಲಿ ಮೊದಲ ಗುಂಪಿನಲ್ಲಿ ಮುಖದ ಮೊಡವೆಗಳು ಸರಾಸರಿ 23.5ರಷ್ಟು ಕಡಿಮೆಯಾಗಿದ್ದವು, ಎರಡನೆಯ ಗುಂಪಿನಲ್ಲಿ 12ರಷ್ಟು.

ಆ 12ನ್ನು ಸ್ವಲ್ಪ ಗಮನಿಸಿ. ಊಟ ಬದಲಿಸದವರಿಗೂ ಗುಣ ಕಂಡಿತು. ಮೊಡವೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. 'ಅನ್ನ ಬಿಟ್ಟೆ, ಮುಖ ತಿಳಿಯಾಯ್ತು' ಎಂಬ ವಿಡಿಯೊಗಳಲ್ಲಿ ಇದರ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಇನ್ನೊಂದು ತೊಡಕೂ ಇದೆ: ಮೊದಲ ಗುಂಪಿನವರ ತೂಕ ಸುಮಾರು 3 ಕಿಲೊ ಇಳಿದಿತ್ತು. ಮೊಡವೆ ಇಳಿಸಿದ್ದು ಊಟವೋ ತೂಕವೋ ಎಂದು ಬಿಡಿಸಿ ಹೇಳುವುದು ಕಷ್ಟ. ಕೊರಿಯಾದಲ್ಲಿ 10 ವಾರ ನಡೆದ ಇಂಥದೇ ಪ್ರಯೋಗದಲ್ಲೂ ಮೊಡವೆ ಕಡಿಮೆಯಾಯಿತು, ಎಣ್ಣೆ ಗ್ರಂಥಿಗಳ ಗಾತ್ರವೂ ಕುಗ್ಗಿತು. ಆಸ್ಟ್ರೇಲಿಯಾದ ಇನ್ನೊಂದು 8 ವಾರದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎಲ್ಲವೂ ಸಣ್ಣ ಪ್ರಯೋಗಗಳೇ. ಅದಕ್ಕೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರ ಮಾರ್ಗಸೂಚಿಯಲ್ಲೂ, ಊಟವನ್ನೇ ಚಿಕಿತ್ಸೆಯಾಗಿ ಬರೆದುಕೊಡಲು ಪುರಾವೆ ಸಾಲದು ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಸಕ್ಕರೆ ಇಳಿಸುವುದರಿಂದ ನಷ್ಟವಿಲ್ಲ, ಪ್ರಯತ್ನಿಸಿ ನೋಡಬಹುದು.

ಹಾಸ್ಟೆಲ್ ತಟ್ಟೆಯಲ್ಲಿ ಇದನ್ನು ಮಾಡುವುದು ಹೇಗೆ? ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬುದರ ಅಳತೆಗೆ ಗ್ಲೈಸೆಮಿಕ್ ಇಂಡೆಕ್ಸ್ ಎನ್ನುತ್ತಾರೆ. ಶುದ್ಧ ಗ್ಲೂಕೋಸನ್ನು 100 ಎಂದು ಹಿಡಿದರೆ ಚೆನ್ನೈನಲ್ಲಿ ಅಳೆದ ಸೋನಾ ಮಸೂರಿ ಅನ್ನದ್ದು 72. 70 ದಾಟಿದರೆ ಹೆಚ್ಚು ಎನ್ನುವುದು ವಾಡಿಕೆ. ಆದರೆ ಎಷ್ಟು ತಿಂದಿರಿ ಎನ್ನುವುದೂ ಮುಖ್ಯ. ಒಂದು ದೊಡ್ಡ ಬಟ್ಟಲು, ಅಂದರೆ 150 ಗ್ರಾಂ ಅನ್ನದಲ್ಲಿ ಸುಮಾರು 42 ಗ್ರಾಂ ಪಿಷ್ಟ. ಅದನ್ನು 72ರಿಂದ ಗುಣಿಸಿ 100ರಿಂದ ಭಾಗಿಸಿದರೆ 30. ಇದಕ್ಕೆ ಗ್ಲೈಸೆಮಿಕ್ ಲೋಡ್ ಎನ್ನುತ್ತಾರೆ. ಒಂದು ಹೊತ್ತಿಗೆ 20 ದಾಟಿದರೆ ಹೆಚ್ಚೆಂದೇ ಲೆಕ್ಕ. ಅದೇ ಲೆಕ್ಕದಲ್ಲಿ ಎರಡು ಚಮಚ ಸಕ್ಕರೆಯ ಕಾಫಿ ದಿನಕ್ಕೆ ಮೂರು ಸಲ ಕುಡಿದರೆ ಅದೇ ಸುಮಾರು 20. ಸಂಜೆಯ ಬೇಕರಿ ಬನ್ನು, ಕೂಲ್ ಡ್ರಿಂಕ್ ಸೇರಿದರೆ ಅನ್ನಕ್ಕೂ ಮೀರಿಹೋಗುತ್ತದೆ.

ಹಾಗಾಗಿ ಮೊದಲು ಕೈಹಾಕಬೇಕಾದ್ದು ಅನ್ನಕ್ಕಲ್ಲ, ಕಾಫಿಯ ಸಕ್ಕರೆ, ಬನ್ನು, ಕೂಲ್ ಡ್ರಿಂಕಿಗೆ. ಆಮೇಲೆ ಅನ್ನವನ್ನು ಮೂರನೇ ಒಂದು ಭಾಗ ಇಳಿಸಿ, ಆ ಜಾಗಕ್ಕೆ ಹೆಸರುಕಾಳು, ಹುರುಳಿ, ಮೊಟ್ಟೆ, ಪಲ್ಯ ಬರಲಿ. ಅನ್ನದ ಬದಲು ಮುದ್ದೆ ತಿಂದರೆ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ಸಕ್ಕರೆಯನ್ನು ಏರಿಸುತ್ತದೆ. ಸಾರಿನಲ್ಲಿ ಕಾಳು ಎಷ್ಟಿದೆ ಎನ್ನುವುದೇ ಹೆಚ್ಚು ಮುಖ್ಯ.

ಇನ್ನು ಹಾಲು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ 47,355 ದಾದಿಯರನ್ನು, ಹೈಸ್ಕೂಲಿನಲ್ಲಿ ಏನು ತಿನ್ನುತ್ತಿದ್ದಿರಿ, ಆಗ ತೀವ್ರ ಮೊಡವೆ ಇತ್ತೇ ಎಂದು ಕೇಳಿದರು. ಹಾಲು ಹೆಚ್ಚು ಕುಡಿದವರಲ್ಲಿ ಮೊಡವೆ ತುಸು ಹೆಚ್ಚಿತ್ತು, ಅದರಲ್ಲೂ ಕೆನೆ ತೆಗೆದ ಹಾಲಿಗೆ ಸಂಬಂಧ ಎದ್ದು ಕಂಡಿತು. ಆಮೇಲಿನ ಅಧ್ಯಯನಗಳೂ ಆ ಕಡೆಗೇ ಬೆರಳು ತೋರಿವೆ. ಹಾಲು ಇನ್ಸುಲಿನ್ ಮತ್ತು ಐಜಿಎಫ್-1 ಎರಡನ್ನೂ ಏರಿಸಬಲ್ಲದು, ಹಾಗಾಗಿ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಇವೆಲ್ಲ ಕೇಳಿ ಬರೆದುಕೊಂಡ ಲೆಕ್ಕ. ಹತ್ತಾರು ವರ್ಷದ ಹಿಂದೆ ಎಷ್ಟು ಲೋಟ ಹಾಲು ಕುಡಿದಿರಿ ಎಂದರೆ ಯಾರಿಗೆ ನೆನಪಿರುತ್ತದೆ? ಹಾಲು ಬಿಡಿಸಿ ಮೊಡವೆ ಎಣಿಸಿದ ಒಳ್ಳೆಯ ಪ್ರಯೋಗಗಳು ಬೇಕಿವೆ. ಜಿಮ್‌ಗೆ ಹೋಗುವವರು ವ್ಹೇ ಪ್ರೋಟೀನ್ ಪುಡಿಯ ಬಗ್ಗೆ ಎಚ್ಚರ ವಹಿಸಲಿ. ಅದು ಹಾಲಿನದೇ ಪ್ರೋಟೀನ್, ಅದನ್ನು ಶುರು ಮಾಡಿದ ಮೇಲೆ ಮೊಡವೆ ಬಂದು, ನಿಲ್ಲಿಸಿದಾಗ ಇಳಿದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ.

ಅನುಮಾನ ಇದ್ದರೆ ಸಕ್ಕರೆಯ ಪ್ರಯೋಗ ಮುಗಿದ ಮೇಲೆ ಹಾಲನ್ನು ಪ್ರತ್ಯೇಕವಾಗಿ ನಿಲ್ಲಿಸಿ ನೋಡಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಗುಣ ಕೊಟ್ಟದ್ದು ಯಾವುದೆಂದು ತಿಳಿಯುವುದಿಲ್ಲ. ಒಂದು ವಾರದಲ್ಲಿ ತೀರ್ಪು ಕೊಡಬೇಡಿ: ಇವತ್ತು ಕೆಂಪಾಗಿ ಎದ್ದ ಮೊಡವೆ ಒಳಗೆ ಶುರುವಾಗಿ ವಾರಗಳೇ ಕಳೆದಿರುತ್ತವೆ. 12 ವಾರ ಕೊಡಿ. ಎರಡು ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು ಮೊಡವೆ ಎಣಿಸಿ. ಮುಟ್ಟಿನ ದಿನಗಳನ್ನೂ ಗುರುತಿಟ್ಟುಕೊಳ್ಳಿ, ಅದಕ್ಕೆ ಮುಂಚೆ ಮೊಡವೆ ಹೆಚ್ಚುವುದು ಸಾಮಾನ್ಯ. ಬದಲಾವಣೆ ಕಾಣದಿದ್ದರೆ ಹಾಲನ್ನು ಮತ್ತೆ ಶುರು ಮಾಡಿ. ಹಾಲು ಬಿಟ್ಟಿರುವಷ್ಟು ದಿನ ರಾಗಿ ಇರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ.

ಊಟದ ಪ್ರಯೋಗಕ್ಕಾಗಿ ಔಷಧಿಯನ್ನು ಮುಂದೂಡಬೇಡಿ. ಮೊಡವೆಗೆ ಹಚ್ಚುವ ಅಡಾಪಲೀನ್, ಬೆನ್ಝಾಯಿಲ್ ಪೆರಾಕ್ಸೈಡ್‌ಗಳಿಗೆ ಇರುವ ಪುರಾವೆ ಯಾವ ಪಥ್ಯಕ್ಕೂ ಇಲ್ಲ. ಗಂಟು ಗಂಟಾದ ನೋವಿನ ಮೊಡವೆ ಇದ್ದರೆ, ಕಲೆ ಉಳಿಯುತ್ತಿದ್ದರೆ ಈಗಲೇ ಚರ್ಮವೈದ್ಯರ ಬಳಿ ಹೋಗಿ. ಗದ್ದದ ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗುತ್ತಿದೆಯೇ, ಮುಖದಲ್ಲಿ ಒರಟು ಕೂದಲು ಬರುತ್ತಿದೆಯೇ? ಹಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರಿನ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.