ಏಳುನೂರು ಪುಟ, ಒಂದು ನಿಮಿಷ

ಪ್ರಶ್ನೆ: ಪುಸ್ತಕ ಪರಿಚಯದ ಒಂದು ನಿಮಿಷದ ವಿಡಿಯೋ ಮಾಡುತ್ತೇನೆ. ‘ಮಲೆಗಳಲ್ಲಿ ಮದುಮಗಳು’ ಬಗ್ಗೆ ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಪಾತ್ರಗಳ ಪರಿಚಯ ಮುಗಿಯುವಷ್ಟರಲ್ಲಿ ಸಮಯ ಮುಗಿಯಿತು. ಅಷ್ಟು ದೊಡ್ಡ ಕಾದಂಬರಿಯನ್ನು ಒಂದು ನಿಮಿಷದಲ್ಲಿ ಹೇಳೋದು ಹೇಗೆ?

ಹೇಳೋಕೆ ಆಗೋದಿಲ್ಲ. ಕಥೆ ಹೇಳುವ ಆಸೆಯನ್ನು ಮೊದಲು ಬಿಡಿ. ನಿಮ್ಮ ಕೈಯಲ್ಲಿರೋದು ಎಂಬತ್ತು ತೊಂಬತ್ತು ಪದ ಅಷ್ಟೆ. ನಮ್ಮ ಪದಗಳು ಉದ್ದ, ಅವಸರ ಮಾಡಿದರೆ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಅಷ್ಟರಲ್ಲಿ ಮೂರು ಕೆಲಸ ಮಾಡಬಹುದು: ಕಣ್ಣಿಗೆ ಕಟ್ಟುವ ಒಂದು ಚಿತ್ರ, ಆ ಚಿತ್ರದಿಂದ ಹೊರಡುವ ಒಂದೇ ವಿಚಾರ, ಓದೋಕೆ ಒಂದು ಕಾರಣ.

ಕಷ್ಟ ಇರೋದು ವಿಚಾರ ಹುಡುಕೋದರಲ್ಲಿ. ‘ಮಲೆನಾಡಿನ ಬದುಕಿನ ಅದ್ಭುತ ಚಿತ್ರಣ’ ಅಂತ ಬರೆದಿರುತ್ತೀರಿ, ಎಲ್ಲರೂ ಬರೆಯೋದು ಅದನ್ನೇ. ಆ ಸಾಲನ್ನು ಹಾಗೇ ಎತ್ತಿ ‘ಕಾನೂರು ಹೆಗ್ಗಡಿತಿ’ಯ ಮೇಲೆ ಇಟ್ಟು ನೋಡಿ. ಅಲ್ಲೂ ಕೂರುತ್ತದೆ. ಇನ್ನೊಂದು ಪುಸ್ತಕಕ್ಕೂ ಹೊಂದುವ ಮಾತು ಈ ಪುಸ್ತಕದ ವಿಚಾರವಲ್ಲ, ಹೊಡೆದುಹಾಕಿ. ಈ ಕಾದಂಬರಿಯ ಮಟ್ಟಿಗೆ ನಮ್ಮ ಪುಣ್ಯ, ವಿಚಾರವನ್ನು ಕುವೆಂಪು ಅವರೇ ಮೊದಲಲ್ಲೇ ಬರೆದಿಟ್ಟಿದ್ದಾರೆ. ಆದರೆ ಆ ಸಾಲು ಎಷ್ಟು ಬಳಕೆಯಾಗಿದೆಯೆಂದರೆ ಅದರಿಂದಲೇ ಶುರುಮಾಡಿದರೆ ಯಾರ ಕಿವಿಗೂ ಬೀಳೋದಿಲ್ಲ. ಮೊದಲು ಅದಕ್ಕೆ ಸಾಕ್ಷಿ ತೋರಿಸಬೇಕು, ಸಾಲು ಆಮೇಲೆ ಬರಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

“ಮಲೆನಾಡಿನ ಕಾಡುದಾರಿ. ನಡೆದು ಹೋಗ್ತಿರೋನು ಗುತ್ತಿ, ಒಬ್ಬ ಜೀತದಾಳು. ಜೊತೆಗೆ ಅವನ ನಾಯಿ, ಹುಲಿಯ. ಗುತ್ತಿಗೆ ತಿಮ್ಮಿ ಬೇಕು. ಆದರೆ ತಿಮ್ಮಿ ಬೇರೆ ಗೌಡರ ಹಟ್ಟಿಯವಳು. ಅವಳು ಯಾರನ್ನು ಮದುವೆಯಾಗಬೇಕು ಅನ್ನೋದು ಒಡೆಯರ ಇಷ್ಟ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಡೆಯರ ಜಗಲಿಯಲ್ಲೇ ಕೂತು ಕಥೆ ಹೇಳೋದಿಲ್ಲ, ಗುತ್ತಿಯ ಜೊತೆಗೂ ನಡೆಯುತ್ತೆ. ಗೌಡರನ್ನು ನೋಡಿದ ಕಣ್ಣಲ್ಲೇ ಆಳನ್ನೂ ನೋಡುತ್ತೆ, ಆಳಿನ ನಾಯಿಯನ್ನೂ ನೋಡುತ್ತೆ. ಮೊದಲಲ್ಲೇ ಬರೆದಿದ್ದಾರೆ: ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!’ ಈ ಸಾಲು ನೀವು ಕೇಳಿರ್ತೀರಿ. ಕಾದಂಬರಿ ಆ ಮಾತನ್ನು ಉಳಿಸಿಕೊಳ್ಳುತ್ತಾ? ಓದಿ ನೋಡಿ. ಓದುವಾಗ ಹುಲಿಯನ ಮೇಲೆ ಒಂದು ಕಣ್ಣಿರಲಿ.”

ಲೇಖಕರ ಹುಟ್ಟಿದ ವರ್ಷ, ಜ್ಞಾನಪೀಠ, ಕಾದಂಬರಿ 1967ರಲ್ಲಿ ಬಂತು ಅನ್ನೋದು ಯಾವುದೂ ಇಲ್ಲಿಲ್ಲ. ಅವೆಲ್ಲ ವಿಡಿಯೋದ ಕೆಳಗಿನ ವಿವರಣೆಗೆ ಹೋಗಲಿ. ಪುಸ್ತಕದ ಹೆಸರೂ ಮೊದಲ ವಾಕ್ಯದಲ್ಲಿಲ್ಲ. ನಾಯಿಯ ಹೆಸರು ಮಾತ್ರ ಉಳಿಸಿದ್ದೇನೆ. ‘ಒಂದು ನಾಯಿ’ ಅಂದುಬಿಟ್ಟರೆ ಆ ಸಾಲಿನ ಅರ್ಥವೇ ಬಿದ್ದುಹೋಗುತ್ತದೆ.

ಕೊನೆಯ ಮೂರು ವಾಕ್ಯ ಓದೋಕೆ ಕಾರಣ. ‘ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕು’ ಅನ್ನೋದು ಕಾರಣವಲ್ಲ, ಅಪ್ಪಣೆ. ಶಾಲೆಯಲ್ಲಿ ಅದನ್ನು ಕೇಳಿಯೇ ಎಷ್ಟೋ ಜನ ಕುವೆಂಪು ಪುಸ್ತಕ ಮುಚ್ಚಿಟ್ಟಿದ್ದಾರೆ. ಸಾರಾಂಶ ಕೇಳಿ ತಿಳಿಯಲಾರದ, ಓದಿದರಷ್ಟೇ ಸಿಗುವ ಒಂದನ್ನು ಕೇಳುಗರ ಕೈಗೆ ಕೊಡಬೇಕು. ಇಲ್ಲಿ ಅದು ಹುಲಿಯನ ಪಾಡು. ಅದನ್ನು ನೀವೇ ಹೇಳಿಬಿಟ್ಟರೆ ಎರಡು ದಿನಕ್ಕೆ ವೀಕ್ಷಣೆ ಹೆಚ್ಚಬಹುದು, ಓದೋಕೆ ಕಾರಣ ಉಳಿಯೋದಿಲ್ಲ.

ಬರೆದಾದ ಮೇಲೆ ಫೋನಿನಲ್ಲಿ ಸಮಯ ಇಟ್ಟು ಗಟ್ಟಿಯಾಗಿ ಓದಿ. ‘ಯಃಕಶ್ಚಿತ’ದಲ್ಲಿ ನಾಲಿಗೆ ತೊಡರುತ್ತದೆ. ಅದರ ಮುಂಚೆ ಒಂದು ಉಸಿರು ನಿಲ್ಲಿ, ಆ ಉಸಿರಿಗೂ ಒಂದು ಸೆಕೆಂಡ್ ಬೇಕು. ಅರವತ್ತು ದಾಟಿದರೆ ವೇಗ ಹೆಚ್ಚಿಸಬೇಡಿ, ಒಂದು ವಾಕ್ಯ ತೆಗೆಯಿರಿ. ಮೊದಲು ಹೋಗಬೇಕಾದ್ದು ‘ಜಗಲಿಯಲ್ಲೇ ಕೂತು’ ಅನ್ನುವ ವಾಕ್ಯ. ಅದರಲ್ಲಿರುವ ಕುವೆಂಪು ಹೆಸರನ್ನೂ ಪುಸ್ತಕದ ಹೆಸರನ್ನೂ ಮಾತ್ರ ಮುಂದಿನ ವಾಕ್ಯದ ಮೊದಲಿಗೆ ತನ್ನಿ. ಬರೆದವನಿಗೆ ಅದು ಇಷ್ಟ, ಕೇಳುವವರಿಗೆ ಅದರ ಮುಂದಿನದೇ ಸಾಕು.

ಒಂದು ಎಚ್ಚರಿಕೆ. ಮುಕುಂದಯ್ಯ, ಚಿನ್ನಮ್ಮ, ಐತ, ಪೀಂಚಲು ಯಾರೂ ಈ ಸ್ಕ್ರಿಪ್ಟಿನಲ್ಲಿಲ್ಲ. ‘ಚಿನ್ನಮ್ಮನನ್ನೇ ಬಿಟ್ಟಿರಲ್ಲ’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಅವರು ಹೇಳೋದು ಸರಿ. ಯಾರೂ ಮುಖ್ಯರಲ್ಲ ಅನ್ನುವ ಕಾದಂಬರಿಯಿಂದ ಒಬ್ಬ ಗುತ್ತಿಯನ್ನು ಆರಿಸಿ ಮುಖ್ಯ ಮಾಡಿದ್ದೇವೆ. ಅಂಥವರಿಗೆ ಚಿನ್ನಮ್ಮನ ಮೇಲೆ ಇನ್ನೊಂದು ನಿಮಿಷ ಮಾಡಿ ಕೊಡಿ. ಆಗ ಚಿತ್ರ ಬೇರೆ ಬರುತ್ತದೆ, ಸಾಲು ಅದೇ ಇರುತ್ತದೆ.