ಬಾಡಿಗೆ ಮನೆಯ ಚಿತ್ರದಲ್ಲಿ ಅಳಿಸಬಹುದಾದದ್ದು, ಉಳಿಸಬೇಕಾದದ್ದು

ಹಾಸನಕ್ಕೆ ವರ್ಗವಾಗಿ ಬರುವ ನೌಕರರು, ಇಲ್ಲಿನ ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಕಾಲೇಜಿಗೆ ಮಕ್ಕಳನ್ನು ಸೇರಿಸುವ ಪೋಷಕರು ಎಷ್ಟೋ ಸಲ ಊರಿಗೆ ಬರುವ ಮೊದಲೇ ಮೊಬೈಲಿನಲ್ಲಿ ಚಿತ್ರ ನೋಡಿ, ಮನೆ ಕೈತಪ್ಪಬಾರದೆಂದು ಅಡ್ವಾನ್ಸಿನ ಒಂದು ಭಾಗವನ್ನು ಕಳುಹಿಸಿಬಿಡುತ್ತಾರೆ. ಹಣ ಕೈ ಬದಲಾಗುವುದು ಚಿತ್ರದ ಆಧಾರದ ಮೇಲೆಯೇ ಆದಾಗ, ಆ ಚಿತ್ರವನ್ನು ತಿದ್ದುವವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗುತ್ತದೆ: ಬೀಗದ ಕೈ ಪಡೆದ ದಿನ ಬಾಡಿಗೆದಾರರು ಅದೇ ಜಾಗದಲ್ಲಿ ನಿಂತರೆ ಅವರಿಗೆ ಏನು ಕಾಣುತ್ತದೆ? ಆ ದಿನ ಅಲ್ಲಿ ಇರದ ವಸ್ತುವನ್ನು ಚಿತ್ರದಿಂದ ತೆಗೆಯಬಹುದು, ಇರುವುದನ್ನು ತೆಗೆಯುವಂತಿಲ್ಲ.

ಕುವೆಂಪುನಗರದ ಒಂದು ಮನೆಯ ಮೊದಲ ಮಹಡಿಯ ಉದಾಹರಣೆಯಿಂದ ಇದನ್ನು ವಿವರಿಸುತ್ತೇನೆ. ಮಾಲೀಕರು ನಿವೃತ್ತ ಉಪಾಧ್ಯಾಯರು. ಹಿಂದಿನ ಬಾಡಿಗೆದಾರರು ಇನ್ನೂ ಮನೆ ಖಾಲಿ ಮಾಡಿರಲಿಲ್ಲವಾದ್ದರಿಂದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಬಟ್ಟೆ ಒಣಗಿಸುವ ಸ್ಟ್ಯಾಂಡು ಮತ್ತು ಅಕ್ಕಿ ಚೀಲಗಳಿದ್ದವು. ಸ್ವಿಚ್ ಬೋರ್ಡಿನ ಸುತ್ತ ಕೈ ತಾಗಿ ಆದ ಕಪ್ಪು, ಮಲಗುವ ಕೋಣೆಯ ಛಾವಣಿಯ ಮೂಲೆಯಲ್ಲಿ ಕಂದು ಅಂಚಿನ ಕಲೆ, ಹಾಲಿನ ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಗಿಳಿದ ಬಿರುಕು, ಇವೂ ಇದ್ದವು. "ಎಲ್ಲಾನೂ ಒಂದ್ಸಲ ಒರೆಸಿಬಿಡಿ ಸಾರ್" ಎಂಬುದು ಅವರ ಕೋರಿಕೆ.

ಸಾಮಾನುಗಳ ವಿಷಯದಲ್ಲಿ ತಕರಾರಿಲ್ಲ; ಅವು ಹಿಂದಿನವರ ಜೊತೆಗೇ ಹೋಗುತ್ತವೆ. ಆದರೂ ಅವನ್ನು ಕಂಪ್ಯೂಟರಿನಲ್ಲಿ ತೆಗೆಯುವುದಕ್ಕಿಂತ ಕೈಯಿಂದಲೇ ಸರಿಸುವುದು ಮೇಲು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗಾಡದಂತೆ ನಿಲ್ಲಿಸಿ, ಸಾಮಾನುಗಳು ಎಡಗೋಡೆಗೆ ಇದ್ದಾಗ ಒಂದು, ಬಲಗೋಡೆಗೆ ಸರಿಸಿದಾಗ ಇನ್ನೊಂದು ಚಿತ್ರ ತೆಗೆದರೆ, ಎರಡನ್ನೂ ಒಂದರ ಮೇಲೊಂದು ಪದರವಾಗಿಟ್ಟು ಖಾಲಿ ಭಾಗಗಳನ್ನಷ್ಟೇ ಉಳಿಸಿಕೊಳ್ಳಬಹುದು. ಆಗ ಕಾಣುವ ಗೋಡೆ ನಿಜವಾದ ಗೋಡೆಯಾಗಿರುತ್ತದೆ. ತಂತ್ರಾಂಶದ ತುಂಬುವ ಸಾಧನಕ್ಕೆ ಬೀರುವಿನ ಹಿಂದೆ ಏನಿದೆ ಎಂಬುದು ಗೊತ್ತಿರುವುದಿಲ್ಲ. ಅದು ಸುತ್ತಲಿನ ಬಣ್ಣವನ್ನು ನೋಡಿ ಶುಭ್ರವಾದ ಗೋಡೆಯೊಂದನ್ನು ಊಹಿಸುತ್ತದೆ, ಅಲ್ಲಿ ತೇವವೇರಿ ಗಾರೆ ಉದುರಿದ್ದರೂ ಸರಿಯೇ. ಈ ಮನೆಯಲ್ಲಿ ಅಕ್ಕಿ ಚೀಲಗಳನ್ನು ಸರಿಸಿದಾಗ ಗೋಡೆಯ ಬುಡದಲ್ಲಿ ತೇವದ ಗುರುತಾದ ಬಿಳಿಯ ಉಪ್ಪು ಕಾಣಲಿಲ್ಲ. ಕಂಡಿದ್ದರೆ ಆ ಭಾಗ ಚಿತ್ರದಲ್ಲಿ ಉಳಿಯಬೇಕಾಗಿತ್ತು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ರೆಡ್ ಆಕ್ಸೈಡ್ ನೆಲ ಹೊಳೆಯುವುದರಿಂದ ಕುರ್ಚಿಯನ್ನು ಅಳಿಸಿದ ಮೇಲೂ ಅದರ ಪ್ರತಿಬಿಂಬ ನೆಲದಲ್ಲಿ ಉಳಿದುಬಿಡುತ್ತದೆ. ಇಲ್ಲದ ಕುರ್ಚಿಯ ಕಾಲುಗಳು ನೆಲದೊಳಗೆ ತೂಗಾಡುತ್ತಿರುವ ಚಿತ್ರಗಳನ್ನು ಜಾಹೀರಾತುಗಳಲ್ಲಿ ಯಾರು ಬೇಕಾದರೂ ಗುರುತಿಸಬಹುದು.

ಕಲೆಗಳನ್ನು ಮುಟ್ಟುವ ಮೊದಲು ಬೆಳಕನ್ನು ಸರಿಪಡಿಸಬೇಕು. ಟ್ಯೂಬ್‌ಲೈಟಿನ ಬೆಳಕು ಮತ್ತು ಕಿಟಕಿಯ ಬೆಳಕು ಬೆರೆತಾಗ ಗೋಡೆಯ ಮೇಲೆ ಹಸಿರು, ಹಳದಿ ಛಾಯೆಗಳು ಮೂಡಿ ಕಲೆಯಂತೆ ತೋರುತ್ತವೆ. ದೀಪವಾರಿಸಿ, ಬರಿಯ ಕಿಟಕಿಯ ಬೆಳಕಿನಲ್ಲಿ ಸ್ವಲ್ಪ ದೀರ್ಘ ಎಕ್ಸ್‌ಪೋಷರ್ ಕೊಟ್ಟು ತೆಗೆದರೆ ಅಂಥವು ತಾವಾಗಿಯೇ ಹೋಗುತ್ತವೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಕ್ಯಾಮೆರಾದ ನೇರ ಫ್ಲಾಶಿನಲ್ಲಿ ತೆಗೆದರೆ, ಅಥವಾ ಹೈಲೈಟ್ಸ್ ಏರಿಸಿ ಗೋಡೆಯನ್ನು ಬೆಳ್ಳಗಾಗಿಸಿದರೆ, ತೇವದ ತಿಳಿಕಲೆಯೂ ಸಣ್ಣ ಬಿರುಕೂ ಯಾವ ಬ್ರಷ್ಷೂ ಸೋಕದೆಯೇ ಮಾಯವಾಗುತ್ತವೆ. ನಾನು ಏನನ್ನೂ ಅಳಿಸಿಲ್ಲ ಎಂದು ಹೇಳುವ ಛಾಯಾಗ್ರಾಹಕರು ಈ ಬಗೆಯ ಅಳಿಸುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿದ್ದಿದ ಚಿತ್ರವನ್ನೂ ಮೂಲವನ್ನೂ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ಕಳೆದುಹೋಗಿದೆ ಎಂಬುದು ತಿಳಿಯುತ್ತದೆ.

ಸ್ವಿಚ್ ಬೋರ್ಡಿನ ಸುತ್ತಲಿನ ಕಪ್ಪು ಒಂದು ಕೋಟು ಬಣ್ಣಕ್ಕೆ ಹೋಗುವಂಥದ್ದು. ಬೀಗದ ಕೈ ಕೊಡುವ ಮೊದಲು ಬಣ್ಣ ಹೊಡೆಸುವುದಾಗಿ ಮಾಲೀಕರು ಒಪ್ಪಿಕೊಂಡಿದ್ದರಿಂದ ಅದನ್ನು ಬೇರೆ ಪದರದಲ್ಲಿ ಹೀಲಿಂಗ್ ಬ್ರಷ್ಷಿನಿಂದ ತೆಗೆದೆ. ಸ್ವಿಚ್ ಬೋರ್ಡನ್ನಾಗಲಿ ಗೋಡೆಯ ಮೇಲೆ ಓಡಿದ ವೈರನ್ನಾಗಲಿ ಮುಟ್ಟಲಿಲ್ಲ. ಅವು ಮನೆಯ ಭಾಗ. ಛಾವಣಿಯ ಕಲೆಯ ಕಥೆ ಬೇರೆ. ಕಂದು ಅಂಚು ಮೂಡಬೇಕಾದರೆ ನೀರು ಒಳಬಂದು, ಒಣಗಿ, ಕರಗಿದ್ದನ್ನು ಅಂಚಿನಲ್ಲಿ ಬಿಟ್ಟಿರಬೇಕು. ಒಂದರೊಳಗೊಂದು ಉಂಗುರಗಳಿದ್ದರೆ ಅದು ಮತ್ತೆ ಮತ್ತೆ ನಡೆದಿದೆ ಎಂದರ್ಥ. ಇಲ್ಲಿ ಹಾಗೆಯೇ ಇತ್ತು. ಮೇಲಿನ ತಾರಸಿ ಸೋರುವುದು ನಿಲ್ಲುವವರೆಗೆ ಬಣ್ಣವೂ ಅದನ್ನು ಮುಚ್ಚಲಾರದು. ಆದ್ದರಿಂದ ಅದು ಚಿತ್ರದಲ್ಲಿಯೇ ಉಳಿಯಿತು.

ಬಿರುಕುಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಗಾರೆ ಒಣಗುವಾಗ ಕುಗ್ಗಿ ಜೇಡರ ಬಲೆಯಂತೆ ಹರಡುವ ಕೂದಲೆಳೆಯ ಗೆರೆಗಳು ಮೇಲ್ಮೈಯವು. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವಲ್ಲಿ ನೇರವಾಗಿ ಇಳಿಯುವ ಗೆರೆ, ಎರಡು ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಆಗುವುದು ಹೆಚ್ಚು. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿನ ಜಾಡಿನಲ್ಲಿ ಮೆಟ್ಟಿಲಿನಂತೆ ಸಾಗುವ ಬಿರುಕಿಗೆ ಪಾಯ ಕುಸಿದಿರುವುದೂ ಕಾರಣವಿರಬಹುದು; ಅದನ್ನು ನಿರ್ಧರಿಸಬೇಕಾದವರು ಎಂಜಿನಿಯರು, ಛಾಯಾಗ್ರಾಹಕರಲ್ಲ. ನಾನು ಅನುಸರಿಸುವ ಅಳತೆ ಸರಳವಾದದ್ದು. ಎಟಿಎಂ ಕಾರ್ಡಿನ ದಪ್ಪ ಸುಮಾರು 0.76 ಮಿಲಿಮೀಟರ್. ಅದರ ಅಂಚು ಒಳಗೆ ಇಳಿಯುವ ಬಿರುಕನ್ನು, ಎಷ್ಟೇ ತೆಳುವಾಗಿದ್ದರೂ ಓರೆಯಾಗಿ ಸಾಗುವ ಬಿರುಕನ್ನು, ನಾನು ತಿದ್ದುವುದಿಲ್ಲ. ಹಾಲಿನ ಬಿರುಕಿನಲ್ಲಿ ಕಾರ್ಡಿನ ಅಂಚು ಇಳಿಯಿತು.

"ಬಂದು ನೋಡಿದರೆ ಹೇಗೂ ಕಾಣುತ್ತದಲ್ಲ, ಚಿತ್ರದಲ್ಲಿ ಏಕೆ?" ಎಂದು ಮೇಷ್ಟ್ರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಮೊದಲ ಖಂಡದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಾಗ, ತನಗೆ ತಿಳಿದಿದ್ದು ಬಾಡಿಗೆದಾರನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾಲೀಕನು ತಿಳಿಸಬೇಕು. ಎದುರಿಗೇ ಕಾಣುವ ಬಿರುಕಿಗೆ ಈ ಮಾತು ಅನ್ವಯಿಸದೆ ಹೋಗಬಹುದು. ಆದರೆ ಹೇಳದೆ ಸುಮ್ಮನಿರುವುದು ಬೇರೆ, ಇದ್ದುದನ್ನು ಅಳಿಸಿ ತೋರಿಸುವುದು ಬೇರೆ. 1872ರ ಕರಾರು ಕಾಯ್ದೆಯ 17ನೇ ಕಲಮು, ವಂಚಿಸುವ ಅಥವಾ ಒಪ್ಪಂದಕ್ಕೆ ಪ್ರೇರೇಪಿಸುವ ಉದ್ದೇಶದಿಂದ ತಿಳಿದೂ ತಿಳಿದೂ ಸಂಗತಿಯನ್ನು ಮರೆಮಾಚುವುದನ್ನು ವಂಚನೆಯೆಂದೇ ಎಣಿಸುತ್ತದೆ. ಚಿತ್ರ ನೋಡಿಯೇ ಹಣ ಕಳುಹಿಸಿದವರ ಮುಂದೆ ಬಂದು ನೋಡಬಹುದಾಗಿತ್ತು ಎಂಬ ವಾದವನ್ನು ಹೂಡಬೇಕಾದ ಪರಿಸ್ಥಿತಿ ಮಾಲೀಕರಿಗೇ ಒಳ್ಳೆಯದಲ್ಲ.

ತಿಳಿಸುವ ಬಗೆಯಲ್ಲೂ ಒಂದು ಲೆಕ್ಕವಿದೆ. ಜಾಹೀರಾತಿನ ಕೆಳಗೆ ಬರೆದ ಸಾಲು, ಚಿತ್ರವನ್ನು ಬ್ರೋಕರ್ ಬೇರೆಯವರಿಗೆ ವಾಟ್ಸ್ಆ್ಯಪಿನಲ್ಲಿ ಕಳುಹಿಸುವಾಗ ಹಿಂದೆಯೇ ಉಳಿದುಬಿಡಬಹುದು. ಹಾಗಾಗಿ ಮಾತು ಚಿತ್ರದ ಮೇಲೆಯೇ ಅಚ್ಚಾಗಿರಬೇಕು. ಹಾಲಿನ ಚಿತ್ರದ ಅಡಿಯಲ್ಲಿ "ಹಿಂದಿನವರ ಸಾಮಾನುಗಳನ್ನು ಚಿತ್ರದಿಂದ ತೆಗೆಯಲಾಗಿದೆ, ಸ್ವಿಚ್ ಬೋರ್ಡಿನ ಬಳಿ ಬಣ್ಣ ಹೊಡೆಸಿ ಕೊಡಲಾಗುವುದು, ಕಿಟಕಿಯ ಬಳಿಯ ಬಿರುಕು ಹಾಗೆಯೇ ಇದೆ" ಎಂದು ಹಾಕಿದೆವು. ಚಿತ್ರ ಕುಗ್ಗಿದಾಗ ತೆಳುವಾದ ಬಿರುಕು ಕಾಣದಾಗುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಸ್ಕೇಲು ಹಿಡಿದು ತೆಗೆದ ಸಮೀಪದ ಚಿತ್ರವೊಂದನ್ನೂ, ಛಾವಣಿಯ ಕಲೆಯದ್ದೊಂದನ್ನೂ ತಿಂಗಳು ನಮೂದಿಸಿ ಸೇರಿಸಿದೆವು.

ತಿದ್ದದ ಮೂಲ ಚಿತ್ರಗಳನ್ನು ಮಾಲೀಕರು ತಮ್ಮ ಬಳಿ ಇಟ್ಟುಕೊಂಡು, ಅವುಗಳ ಪ್ರತಿಯನ್ನು ಬಾಡಿಗೆದಾರರಿಗೂ ಕೊಟ್ಟು, ಹನ್ನೊಂದು ತಿಂಗಳ ಕರಾರು ಮುಗಿದು ಅಡ್ವಾನ್ಸ್ ಹಿಂದಿರುಗುವವರೆಗೆ ಕಾಪಾಡಬೇಕು. ಮನೆ ಖಾಲಿ ಮಾಡುವ ದಿನ ಗೋಡೆಯ ಹಾನಿಗೆಂದು ಹಣ ಹಿಡಿಯುವ ಮಾತು ಬಂದರೆ, ಸ್ಕೇಲಿನ ಸಮೇತ ಇರುವ ಆ ಚಿತ್ರವನ್ನು ಬಿರುಕಿನ ಪಕ್ಕ ಹಿಡಿದು ಅದು ಮೊದಲೇ ಇತ್ತೆ, ಈಚೆಗೆ ಬೆಳೆದಿದೆಯೆ ಎಂಬುದನ್ನು ಇಬ್ಬರೂ ಅಳೆದು ನೋಡಬಹುದು.